ಹಾಸನ ಸ್ಕ್ವಾಡ್‌ಗೆ ಇಬ್ಬರು ಆಟಗಾರರು ಬೇಕು (ಬಿಜಿಎಂಐ)

ಒಬ್ಬ ಸಪೋರ್ಟ್, ಒಬ್ಬ ಅಸಾಲ್ಟರ್. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆಯವರಾದರೆ ಒಳ್ಳೇದು, 18 ತುಂಬಿರಲೇಬೇಕು.

ಪ್ರಾಕ್ಟೀಸ್ ಸೋಮ, ಬುಧ, ಶುಕ್ರ ರಾತ್ರಿ 9ರಿಂದ 10.45. ಕಸ್ಟಮ್ ರೂಮ್ ಐಡಿ, ಪಾಸ್‌ವರ್ಡ್ 8.50ಕ್ಕೆ ಗ್ರೂಪಿಗೆ ಬರುತ್ತೆ. ಮೂರು ಮ್ಯಾಚ್, ಆಮೇಲೆ ಹದಿನೈದು ನಿಮಿಷ ರೆಕಾರ್ಡಿಂಗ್ ನೋಡ್ತೀವಿ. ಬರೋಕಾಗದಿದ್ರೆ ಸಂಜೆ 6ರೊಳಗೆ ಹೇಳಿ, ಬದಲಿಯವರನ್ನ ಕರೀಬೇಕು.

ಸಪೋರ್ಟ್‌ಗೆ ಬರೋರು ಗಮನಿಸಿ: ನಾವು ಹೆಚ್ಚು ಸೋಲೋದು ಗನ್‌ಫೈಟಲ್ಲಲ್ಲ, ನಾಕ್ ಆದವರನ್ನ ಎಬ್ಬಿಸೋ ಅವಸರದಲ್ಲಿ. ಮೊದಲು ಶತ್ರು ಕಡೆಗೆ ಒಂದು ಸ್ಮೋಕ್, ಅದು ತುಂಬಿಕೊಂಡ ಮೇಲೆ ಪಕ್ಕಕ್ಕೆ ಇನ್ನೊಂದು, ಆಮೇಲೇ ರಿವೈವ್. ಬ್ಯಾಗಲ್ಲಿ ನಾಲ್ಕು ಸ್ಮೋಕ್ ಇಲ್ಲದೆ ಕೊನೇ ಝೋನ್‌ಗೆ ಬರಬೇಡಿ.

ಕಾಲ್ ಚಿಕ್ಕದಿರಲಿ: "ಇನ್ನೂರ ನಲವತ್ತು, ಮರದ ಹಿಂದೆ, ಒಬ್ಬ". ಇಯರ್‌ಫೋನ್ ಕಡ್ಡಾಯ, ಸ್ಪೀಕರ್ ಹಾಕಿದ್ರೆ ಎಲ್ಲರಿಗೂ ಎಕೋ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ವೈಫೈಯೂ ಹೋಗುತ್ತೆ, ಹಾಗಾಗಿ ಮೊಬೈಲ್ ಡೇಟಾ ಉಳಿಸಿಟ್ಟುಕೊಳ್ಳಿ. ಪಿಂಗ್ 80 ದಾಟದಿದ್ರೆ ಸಾಕು.

ಬೈಗುಳ ಇಲ್ಲ, ಹ್ಯಾಕ್ ಇಲ್ಲ. ಹೊಸಬರು ತಪ್ಪು ಮಾಡಿದ್ರೆ ಕೂತು ಹೇಳಿಕೊಡ್ತೀವಿ.

ರೋಲ್, ಫೋನ್ ಮಾಡೆಲ್, ಒಂದು ಪೂರ್ತಿ ಮ್ಯಾಚಿನ ರೆಕಾರ್ಡಿಂಗ್ ಈ ಖಾತೆಗೆ ಮೆಸೇಜ್ ಮಾಡಿ. ಕಿಲ್ ಕ್ಲಿಪ್ ಬೇಡ, ಸೋತ ಮ್ಯಾಚ್ ಆದರೂ ಪರವಾಗಿಲ್ಲ. ಟ್ರಯಲ್ ಎರಡು ವಾರ.