ಪಾತ್ರದ ತಲೆಯ ಯುವಿ ಅನ್‌ರ‍್ಯಾಪ್: ಸೀಮ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಹೊಸಬರ ತರಗತಿಗಾಗಿ ಅಭ್ಯಾಸ ಹಾಳೆ. ತಂತ್ರಾಂಶ: Blender 4.5. ಕಡತ: `hudugi_tale.blend`

ಈ ಕಡತದಲ್ಲಿರುವುದು ಹತ್ತು ವರ್ಷದ ಶಾಲಾ ಹುಡುಗಿಯ ತಲೆ. ನಡು ಬೈತಲೆ ತೆಗೆದು ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿದೆ. ಕಿವಿಯಲ್ಲಿ ಸಣ್ಣ ಜುಮುಕಿ, ಹಣೆಯಲ್ಲಿ ಬೊಟ್ಟು, ಎಡಗೆನ್ನೆಯ ಮೇಲೊಂದು ಮಚ್ಚೆ, ಕತ್ತಿನ ಬುಡದಲ್ಲಿ ಸಮವಸ್ತ್ರದ ಕಾಲರ್. ಕೆಲಸ ಶುರು ಮಾಡುವ ಮೊದಲು ಈ ವಿವರಗಳನ್ನೆಲ್ಲ ಒಮ್ಮೆ ಗಮನವಿಟ್ಟು ನೋಡಿ. ಸೀಮ್, ಅಂದರೆ ಮೆಶ್ ಕತ್ತರಿಸುವ ಗೆರೆ, ಎಲ್ಲಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ಇವುಗಳೇ. ಯಾವುದೋ ವಿಡಿಯೊದಲ್ಲಿ ಬೋಳುತಲೆಯ ಮೇಲೆ ಹಾಕಿದ್ದ ಕೆಂಪು ಗೆರೆಗಳನ್ನು ಕಂಠಪಾಠ ಮಾಡಿಕೊಂಡು ಬಂದು ಈ ಹುಡುಗಿಯ ಮೇಲೆ ಎಳೆದರೆ ಅದು ಕೆಡುತ್ತದೆ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಸೀಮ್ ಏಕೆ ಬೇಕು

ಟೆಕ್ಸ್ಚರ್ ಹೊದಿಸಲು ಮೆಶ್‌ನ ಮೇಲ್ಮೈಯನ್ನು ಬಿಚ್ಚಿ ಸಮತಟ್ಟಾಗಿ ಹಾಸುವುದೇ ಯುವಿ ಅನ್‌ರ‍್ಯಾಪ್. ಆದರೆ ಗುಂಡಗಿರುವ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಸಮತಟ್ಟಾಗಿ ಹಾಸಲು ಬರುವುದಿಲ್ಲ. ಗಣಿತಜ್ಞ ಗೌಸ್ 1827ರಲ್ಲಿ ತೋರಿಸಿಕೊಟ್ಟ ಪ್ರಮೇಯದಿಂದ ಬರುವ ಮಾತು ಇದು. ಯಾವ ತಂತ್ರಾಂಶವೂ ಇದನ್ನು ಮೀರಲಾರದು. ಹಾಗಾಗಿ ನಮ್ಮೆದುರು ಇರುವುದು ಎರಡೇ ದಾರಿ. ಕತ್ತರಿಸುವುದನ್ನು ಕಡಿಮೆ ಮಾಡಿದರೆ ಟೆಕ್ಸ್ಚರ್ ಎಳೆದಂತಾಗುತ್ತದೆ. ಹೆಚ್ಚು ಕತ್ತರಿಸಿದರೆ ಎಳೆತ ಇಳಿಯುತ್ತದೆ, ಆದರೆ ಗೆರೆಗಳು ಹೆಚ್ಚುತ್ತವೆ. ಒಳ್ಳೆಯ ದರ್ಜಿ ರವಿಕೆಯ ಹೊಲಿಗೆಯನ್ನು ಕಂಕುಳ ಕೆಳಗೆ, ಪಕ್ಕೆಗೆ ಸರಿಸುತ್ತಾನಲ್ಲ, ನಾವು ಮಾಡಬೇಕಾದದ್ದೂ ಅದೇ: ಕತ್ತರಿಸಲೇಬೇಕು, ಆದರೆ ಕಣ್ಣು ಹೋಗದ ಕಡೆ.

ಸೀಮ್ ಕಣ್ಣಿಗೆ ಬೀಳುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಗೆರೆಯ ಆಚೆ ಈಚೆ ಬಣ್ಣ ಹೊಂದದಿರುವುದು ಒಂದು. ಇದನ್ನು ಮೂರು ಆಯಾಮದಲ್ಲೇ ಬಣ್ಣ ಬಳಿದು ಸರಿಪಡಿಸಬಹುದು. ಎರಡನೆಯದು, ಒಂದು ಪಕ್ಕದ ಪಿಕ್ಸೆಲ್ ದಪ್ಪ, ಇನ್ನೊಂದು ಪಕ್ಕದ್ದು ಸಣ್ಣ ಆಗಿರುವುದು. ಚರ್ಮದ ರಂಧ್ರಗಳು ಒಂದು ಕಡೆ ಸಾಸಿವೆಯಷ್ಟು, ಪಕ್ಕದಲ್ಲೇ ಕಡಲೆಯಷ್ಟು ಕಂಡರೆ ಬಣ್ಣ ಎಷ್ಟು ಹೊಂದಿಸಿದರೂ ಗೆರೆ ಎದ್ದು ಕಾಣುತ್ತದೆ. ಮೂರನೆಯದು ದೂರದಿಂದ ನೋಡಿದಾಗ ಬರುವ ಸಮಸ್ಯೆ: ಗೇಮ್ ಎಂಜಿನ್ ದೂರದ ವಸ್ತುವಿಗೆ ಟೆಕ್ಸ್ಚರಿನ ಕಿರಿದಾದ ಪ್ರತಿಯನ್ನು ಬಳಸುತ್ತದೆ, ಆಗ ಐಲ್ಯಾಂಡಿನ, ಅಂದರೆ ಕತ್ತರಿಸಿ ಹಾಸಿದ ಒಂದು ತುಂಡಿನ, ಅಂಚಿನ ಹೊರಗಿನ ಹಿನ್ನೆಲೆ ಬಣ್ಣ ಒಳಕ್ಕೆ ಬೆರೆತು ತೆಳ್ಳನೆಯ ಗೆರೆ ಮೂಡುತ್ತದೆ.

ಮೊದಲು ಮೆಶ್ ಸಿದ್ಧ ಮಾಡಿಕೊಳ್ಳಿ

Object Mode ನಲ್ಲಿ ತಲೆಯನ್ನು ಆರಿಸಿ `Ctrl+A` ಒತ್ತಿ `Scale` ಕೊಡಿ. ವಸ್ತುವನ್ನು ಒಂದೇ ದಿಕ್ಕಿಗೆ ಹಿಗ್ಗಿಸಿ ಹಾಗೆಯೇ ಬಿಟ್ಟಿದ್ದರೆ, ಅನ್‌ರ‍್ಯಾಪ್ ಹಳೆಯ ಅಳತೆಯನ್ನೇ ಹಿಡಿದು ಲೆಕ್ಕ ಹಾಕುತ್ತದೆ; ಫಲಿತಾಂಶ ಚಪ್ಪಟೆಯಾಗುತ್ತದೆ.

Mirror ಮಾಡಿಫೈಯರ್ ಇದ್ದರೆ ಈಗಲೇ ಅಪ್ಲೈ ಮಾಡಿ. ಅದನ್ನು ಹಾಗೇ ಬಿಟ್ಟರೆ ಮುಖದ ಎರಡೂ ಅರ್ಧಗಳು ಒಂದೇ ಯುವಿಯನ್ನು ಹಂಚಿಕೊಳ್ಳುತ್ತವೆ. ಎಡಗೆನ್ನೆಯ ಮಚ್ಚೆ ಬಲಗೆನ್ನೆಯಲ್ಲೂ ಪ್ರತ್ಯಕ್ಷವಾಗುತ್ತದೆ. ಜಾಗ ಉಳಿಸಲು ಕೈಕಾಲುಗಳಿಗೆ ಹಾಗೆ ಮಾಡುವುದುಂಟು, ಮುಖಕ್ಕೆ ಮಾತ್ರ ಬೇಡ. ಕಣ್ಣಗುಡ್ಡೆ, ಹಲ್ಲು, ನಾಲಗೆ ಈ ಕಡತದಲ್ಲಿ ಬೇರೆ ಬೇರೆ ವಸ್ತುಗಳಾಗಿವೆ, ಅವನ್ನು ಮುಟ್ಟಬೇಡಿ.

ಸೀಮ್ ಹಾಕುವುದು

`Tab` ಒತ್ತಿ Edit Mode ಗೆ ಹೋಗಿ, `2` ಒತ್ತಿ ಎಡ್ಜ್ ಆಯ್ಕೆಗೆ ಬನ್ನಿ. ಸುತ್ತು ಬರುವ ಇಡೀ ಲೂಪ್ ಬೇಕಾದಲ್ಲಿ `Alt` ಹಿಡಿದು ಕ್ಲಿಕ್ ಮಾಡಿ. ಒಂದು ಬಿಂದುವಿನಿಂದ ಇನ್ನೊಂದರವರೆಗೆ ಮಾತ್ರ ಬೇಕಾದರೆ ಮೊದಲ ಎಡ್ಜ್ ಆರಿಸಿ, ಕೊನೆಯದನ್ನು `Ctrl` ಹಿಡಿದು ಕ್ಲಿಕ್ ಮಾಡಿ. ನಡುವಿನ ಹಾದಿಯನ್ನು ಬ್ಲೆಂಡರ್ ತಾನೇ ಆರಿಸಿಕೊಳ್ಳುತ್ತದೆ. ನಂತರ `Ctrl+E` ಒತ್ತಿ `Mark Seam`. ತಪ್ಪಿದರೆ ಅದೇ ಮೆನುವಿನಲ್ಲಿ `Clear Seam` ಇದೆ.

ಸುಲಭದ್ದರಿಂದ ಶುರು ಮಾಡೋಣ. ಕತ್ತಿನ ಸುತ್ತ ಒಂದು ಲೂಪ್, ಕಾಲರಿನ ಅಂಚಿಗಿಂತ ಒಂದೆರಡು ಎಡ್ಜ್ ಕೆಳಗೆ. ಹುಡುಗಿ ತಲೆ ಎತ್ತಿದರೂ ಬಗ್ಗಿಸಿದರೂ ಕಾಲರ್ ಅದನ್ನು ಮುಚ್ಚಿರುತ್ತದೆ.

ಇನ್ನು ತಲೆಯ ಹಿಂಭಾಗ. ಎಲ್ಲರೂ ಹೇಳಿಕೊಡುವುದು ಹಿಂಗತ್ತಿನಿಂದ ನೆತ್ತಿಯವರೆಗೆ ನಟ್ಟನಡುವೆ ಒಂದು ಗೆರೆ. ಕೂದಲು ಇಳಿಬಿಟ್ಟ ಅಥವಾ ಒಂದೇ ಜಡೆ ಹಾಕಿದ ಪಾತ್ರಕ್ಕೆ ಅದು ಸರಿಯೇ. ಆದರೆ ಎರಡು ಜಡೆಯ ಹುಡುಗಿಯನ್ನು ಹಿಂದಿನಿಂದ ನೋಡಿ: ಹಣೆಯಿಂದ ಹೊರಟ ಬೈತಲೆ ನೆತ್ತಿ ದಾಟಿ ಹಿಂಗತ್ತಿನವರೆಗೂ ಇಳಿದಿರುತ್ತದೆ, ಬುರುಡೆಯ ಚರ್ಮ ಅಲ್ಲೇ ಬಿಳಿಗೆರೆಯಾಗಿ ಕಾಣುತ್ತದೆ. ನಡುಗೆರೆಯಲ್ಲಿ ಸೀಮ್ ಹಾಕಿದರೆ ಇಡೀ ತಲೆಯಲ್ಲಿ ಬರಿಮೈಯಾಗಿ ಉಳಿದ ಏಕೈಕ ಪಟ್ಟಿಯ ಮೇಲೆಯೇ ಅದನ್ನು ಹಾಕಿದಂತೆ. ಆದ್ದರಿಂದ ಗೆರೆಯನ್ನು ನಡುವಿನಿಂದ ಎಡಕ್ಕೆ ಎರಡು ಎಡ್ಜ್ ಲೂಪ್ ಸರಿಸಿ, ಕೂದಲ ಕೆಳಗೆ ಸೇರಿಸಿ. ಯುವಿಯಲ್ಲಿ ಎರಡು ಪಕ್ಕ ಒಂದೇ ಅಗಲ ಇರುವುದಿಲ್ಲ, ಇರಬೇಕೆಂದೂ ಇಲ್ಲ. Mirror ಅಪ್ಲೈ ಮಾಡಲು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಈ ಗೆರೆಯನ್ನು ನೆತ್ತಿಯವರೆಗೆ ತನ್ನಿ, ಹಣೆಗೆ ಇಳಿಸಬೇಡಿ. ನೆತ್ತಿಯಲ್ಲಿ ಅದರ ತುದಿಯಿಂದ ಎರಡು ಕವಲು ತೆಗೆದು, ಒಂದೊಂದನ್ನು ಒಂದೊಂದು ಕಿವಿಯ ಮೇಲ್ಭಾಗದತ್ತ, ಕಿವಿಗೆ ನಾಲ್ಕೈದು ಎಡ್ಜ್ ಇರುವಲ್ಲಿಗೆ ತಂದು ನಿಲ್ಲಿಸಿ. ಬಲ ಕವಲು ಬೈತಲೆಯನ್ನು ಒಂದು ಕಡೆ ದಾಟಲೇಬೇಕಾಗುತ್ತದೆ. ಅಡ್ಡ ದಾಟುವ ಒಂದು ಬಿಂದು ಕಾಣುವುದಿಲ್ಲ, ಬೈತಲೆಯ ಉದ್ದಕ್ಕೂ ಓಡುವ ಗೆರೆ ಕಾಣುತ್ತದೆ. ಈ ಕವಲುಗಳಿದ್ದರೆ ಬುರುಡೆಯ ಹಿಂಭಾಗ ಎರಡು ರೆಕ್ಕೆಗಳಂತೆ ತೆರೆದುಕೊಂಡು ಹಣೆಯ ಮೇಲಿನ ಎಳೆತ ಗಣನೀಯವಾಗಿ ಇಳಿಯುತ್ತದೆ.

ಕಿವಿಯ ಬಳಿ ತಾಳ್ಮೆ ಬೇಕು. ಕಿವಿಯ ಸುತ್ತ ಪೂರ್ತಿ ಲೂಪ್ ಹಾಕಿ ಅದನ್ನು ಬೇರೆ ಐಲ್ಯಾಂಡ್ ಮಾಡುವವರೂ ಇದ್ದಾರೆ. ಆಗ ಕೆನ್ನೆ ಮತ್ತು ಕಿವಿ ಸೇರುವ ಮುಂಭಾಗದಲ್ಲಿ, ಅಂದರೆ ಮುಕ್ಕಾಲು ನೋಟದಲ್ಲಿ ಎದ್ದು ಕಾಣುವ ಜಾಗದಲ್ಲಿ, ಗೆರೆ ಬೀಳುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಕಿವಿಯ ಮೇಲ್ತುದಿಯ ಮಡಿಕೆಯಿಂದ ಹೊರಟು, ಕಿವಿಯ ಹಿಂದೆ ಅದು ತಲೆಗೆ ಅಂಟಿಕೊಂಡಿರುವ ಸಂದಿಯಲ್ಲೇ ಇಳಿದು, ಹಾಲೆಯ ಕೆಳಗೆ ನಿಲ್ಲುವ ಅರ್ಧ ಸುತ್ತು ಸಾಕು. ಮುಂಭಾಗ ಕೆನ್ನೆಗೆ ಅಂಟಿಕೊಂಡೇ ಇರಲಿ. ಆದರೆ ಕಿವಿ ಆಳದ ಚೀಲದಂತಿರುವುದರಿಂದ ಇಷ್ಟರಿಂದಲೇ ಅದು ಬಿಚ್ಚಿಕೊಳ್ಳುವುದಿಲ್ಲ. ಆ ಅರ್ಧ ಸುತ್ತಿನ ನಡುವಿನಿಂದ ಕಿವಿಯ ಬೆನ್ನ ಮೇಲೆ ಅಂಚಿನ ಹತ್ತಿರದವರೆಗೆ ಇನ್ನೊಂದು ಸಣ್ಣ ಕತ್ತರಿ ಕೊಡಿ. ಹಾಲೆಯ ಕೆಳಗಿನ ತುದಿಯನ್ನು ಜುಮುಕಿ ಮರೆಮಾಡುತ್ತದೆ.

ಬಾಯಿ: ತುಟಿಯ ಬಣ್ಣ ಮುಗಿದು ಚರ್ಮ ಶುರುವಾಗುವ ಗೆರೆಯಲ್ಲಿ ಎಂದಿಗೂ ಸೀಮ್ ಹಾಕಬೇಡಿ. ಬಣ್ಣ ಬದಲಾಗುವ ಜಾಗ ತಾನೇ, ಅಲ್ಲಿ ಗೆರೆ ಮುಚ್ಚಿಹೋಗುತ್ತದೆ ಎಂದು ಹೊಸಬರಿಗೆ ಅನಿಸುತ್ತದೆ. ನೋಡುಗರ ಗಮನ ಮತ್ತೆ ಮತ್ತೆ ಹೋಗುವುದೇ ಅಲ್ಲಿಗೆ, ಮಾತಾಡುವಾಗ ಮೆಶ್ ಹೆಚ್ಚು ಅಲುಗಾಡುವುದೂ ಅಲ್ಲೇ. ತುಟಿ ಒಳಕ್ಕೆ ಮಡಿಚಿಕೊಂಡು ಹಲ್ಲಿಗೆ ತಾಗುವಲ್ಲಿ ಲೂಪ್ ಹಾಕಿ. ಬಾಯಿ ಪೂರ್ತಿ ತೆರೆದಾಗಲೂ ಅದು ನೆರಳಿನಲ್ಲಿರುತ್ತದೆ. ಬಾಯಿಯ ಒಳಚೀಲ ಹೀಗೆ ಬೇರೆ ಐಲ್ಯಾಂಡ್ ಆಗುತ್ತದೆ, ಅದರ ತಳದಲ್ಲಿ ಹಿಂದಿನವರೆಗೆ ಒಂದು ನೇರ ಕತ್ತರಿ.

ಕಣ್ಣಿಗೂ ಇದೇ ನ್ಯಾಯ. ರೆಪ್ಪೆಯ ದಪ್ಪ ಅಂಚನ್ನು ದಾಟಿ ಒಳಗೆ, ಕಣ್ಣಗುಡ್ಡೆಗೆ ತಾಗುವ ಲೂಪ್. ರೆಪ್ಪೆಯ ಅಂಚು ಮುಖದ ಐಲ್ಯಾಂಡಿನಲ್ಲೇ ಉಳಿಯಬೇಕು, ಏಕೆಂದರೆ ಕಾಡಿಗೆ ಬಳಿಯುವುದು ಅಲ್ಲಿ. ಮೂಗಿನ ಹೊಳ್ಳೆ ಆಳವಿದ್ದರೆ ಒಳಗೊಂದು ಲೂಪ್ ಹಾಕಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಬಿಚ್ಚಿ ನೋಡುವುದು

`A` ಒತ್ತಿ ಎಲ್ಲವನ್ನೂ ಆರಿಸಿ, `U` ಒತ್ತಿ ಮೆನುವಿನಿಂದ `Unwrap Angle Based` ಕೊಡಿ. ತಲೆಯಂಥ ಜೀವಂತ ಆಕಾರಗಳಿಗೆ ಮೊದಲು ಇದನ್ನೇ ಪ್ರಯತ್ನಿಸಿ. `Unwrap Minimum Stretch` ಕೂಡ ಅದೇ ಮೆನುವಿನಲ್ಲಿದೆ. ಎರಡನ್ನೂ ಹೋಲಿಸಿ ನೋಡಿ.

UV Editor ನಲ್ಲಿ ಒಂದು ಹೊಸ ಇಮೇಜ್ ಮಾಡಿ, Generated Type ನಲ್ಲಿ `Color Grid` ಆರಿಸಿ, ಅದನ್ನು ಮಟೀರಿಯಲ್ಲಿನ Base Color ಗೆ ಜೋಡಿಸಿ. 3D Viewport ಅನ್ನು Material Preview ಗೆ ಬದಲಿಸಿದರೆ ತಲೆಯ ಮೇಲೆ ಬಣ್ಣದ ಚೌಕಗಳು ಬರುತ್ತವೆ. ಹಣೆ, ಕೆನ್ನೆ, ಗಲ್ಲದಲ್ಲಿ ಅವು ಚೌಕವಾಗಿಯೇ ಇದ್ದು ಸುಮಾರು ಒಂದೇ ಗಾತ್ರದಲ್ಲಿರಬೇಕು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಆ ಐಲ್ಯಾಂಡ್ ಮಗುಚಿದೆ ಎಂದು ತಿಳಿಯಿರಿ. UV Editor ನ Overlays ನಲ್ಲಿ `Display Stretch` ಹಾಕಿದರೆ ಎಳೆತ ಬಣ್ಣದಲ್ಲಿ ಕಾಣುತ್ತದೆ: ನೀಲಿ ಒಳ್ಳೆಯದು, ಹಸಿರು ನಡೆಯುತ್ತದೆ, ಹಳದಿ ಕೆಂಪಿನತ್ತ ತಿರುಗಿದರೆ ಯೋಚಿಸಿ.

ಸಾಮಾನ್ಯವಾಗಿ ಬಣ್ಣ ಕೆಡುವುದು ಗಲ್ಲದ ಕೆಳಗೆ. ಅಲ್ಲಿ ಮುಖ ಮತ್ತು ಕತ್ತು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತವೆ, ಮೆಶ್ ಮುದುಡುತ್ತದೆ. ಕತ್ತಿನ ಲೂಪಿನಿಂದ ಮುಂಭಾಗದ ನಡುವೆ ಮೇಲಕ್ಕೆ ಹೊರಟು ಗಲ್ಲದ ಅಡಿಯಲ್ಲಿ, ನೇರ ನೋಟಕ್ಕೆ ಕಾಣುವ ಮೊದಲೇ ನಿಲ್ಲುವ ಒಂದು ಸೀಮ್ ಇದಕ್ಕೆ ಪರಿಹಾರ. ಇದನ್ನು ಮೊದಲೇ ಹಾಕಬೇಡಿ. ಬಣ್ಣ ಕೆಟ್ಟಿದ್ದರೆ ಮಾತ್ರ ಹಾಕಿ, ಇಲ್ಲದಿದ್ದರೆ ಕತ್ತು ಅಖಂಡವಾಗಿರಲಿ.

ಒಂದು ಭಾಗ ಬೇರೆಯಾಗಬೇಕಿದ್ದರೂ ಆಗಿಲ್ಲವೆಂದರೆ ಲೂಪ್ ಎಲ್ಲೋ ಒಂದು ಎಡ್ಜ್ ಬಿಟ್ಟುಹೋಗಿದೆ. ಆಯ್ಕೆಯನ್ನೆಲ್ಲ ಬಿಟ್ಟು, 3D Viewport ನಲ್ಲಿ ಆ ಭಾಗದ ಮೇಲೆ ಮೌಸ್ ಇಟ್ಟು `L` ಒತ್ತಿ, ಎಡಬದಿಯಲ್ಲಿ ಬರುವ ಚೌಕಟ್ಟಿನಲ್ಲಿ Delimit ಅನ್ನು `Seam` ಗೆ ಬದಲಿಸಿ. ಆಯ್ಕೆ ಆಚೆಗೆ ಹರಿದುಹೋದರೆ ಗಡಿಯುದ್ದಕ್ಕೂ ಹತ್ತಿರದಿಂದ ನೋಡುತ್ತ ಬನ್ನಿ, ಬಾಕಿ ಉಳಿದ ಎಡ್ಜ್ ಸಿಗುತ್ತದೆ.

ಮುಖ ವಾಲಿಕೊಂಡು ಬಂದಿದ್ದರೆ, ಹಣೆಯ ಮೇಲ್ತುದಿಯ ನಡುವಿನ ವರ್ಟೆಕ್ಸ್ ಮತ್ತು ಗಲ್ಲದ ತುದಿಯ ವರ್ಟೆಕ್ಸ್ ಎರಡನ್ನು UV Editor ನಲ್ಲಿ ಆರಿಸಿ. `S`, `X`, `0`, `Enter` ಒತ್ತಿದರೆ ಒಂದರ ನೇರಕ್ಕೆ ಇನ್ನೊಂದು ಬರುತ್ತದೆ. `P` ಒತ್ತಿ ಪಿನ್ ಮಾಡಿ, ಎಲ್ಲವನ್ನೂ ಆರಿಸಿ ಮತ್ತೆ ಅನ್‌ರ‍್ಯಾಪ್ ಮಾಡಿ. ಇಡೀ ನಡುಗೆರೆಯನ್ನು ಪಿನ್ ಮಾಡಬೇಡಿ, ಮೂಗು ಹಿಚುಕಿದಂತಾಗುತ್ತದೆ.

ಜೋಡಿಸಿಡುವುದು

UV Editor ನಲ್ಲಿ ಎಲ್ಲವನ್ನೂ ಆರಿಸಿ `Ctrl+A` ಒತ್ತಿದರೆ Average Islands Scale: ಎಲ್ಲ ಐಲ್ಯಾಂಡುಗಳೂ ಒಂದೇ ಪ್ರಮಾಣಕ್ಕೆ ಬರುತ್ತವೆ. ಆಮೇಲೆ ಬಾಯಿಯ ಒಳಚೀಲ ಮತ್ತು ಕಣ್ಣಿನ ಗುಳಿಗಳನ್ನು ಅರ್ಧಕ್ಕೆ ಕುಗ್ಗಿಸಿ. ಯಾರೂ ನೋಡದ ಜಾಗಕ್ಕೆ ಪಿಕ್ಸೆಲ್ ಕೊಡುವುದು ದಂಡ. ಹಾಕಿದ ಎರಡೂ ಪಿನ್‌ಗಳನ್ನು ಆರಿಸಿ `Alt+P` ಒತ್ತಿ ತೆಗೆದುಬಿಡಿ. ಎಲ್ಲವನ್ನೂ ಮತ್ತೆ ಆರಿಸಿ `Ctrl+P` ಮೂಲಕ Pack Islands ಮಾಡುವಾಗ `Rotate` ಗುರುತನ್ನು ತೆಗೆಯಿರಿ, ಮುಖ ನೆಟ್ಟಗೆ ನಿಂತಿದ್ದರೆ ಬಣ್ಣ ಬಳಿಯುವವರಿಗೆ ಅನುಕೂಲ. ನಮ್ಮ ಟೆಕ್ಸ್ಚರ್ 2048 ಪಿಕ್ಸೆಲ್. ಐಲ್ಯಾಂಡುಗಳ ನಡುವೆ 8 ಪಿಕ್ಸೆಲ್ ಅಂತರ ಬೇಕೆಂದರೆ 8 ÷ 2048, ಅಂದರೆ ಸುಮಾರು 0.004. Margin Method ಅನ್ನು `Fraction` ಮಾಡಿ ಆ ಸಂಖ್ಯೆಯನ್ನು Margin ನಲ್ಲಿ ಬರೆಯಿರಿ. ಮೊದಲು ಹೇಳಿದ ಹಿನ್ನೆಲೆ ಬಣ್ಣ ಬೆರೆಯುವ ಸಮಸ್ಯೆಗೆ ತಡೆ ಇದೇ.

ಕೊನೆಗೆ UV ಮೆನುವಿನಿಂದ `Export UV Layout`, ಅಳತೆ 2048 × 2048. ಆ ಚಿತ್ರವನ್ನು, ಕಡತವನ್ನು ಮತ್ತು ಬಣ್ಣದ ಚೌಕಗಳಿರುವ ತಲೆಯ ಮೂರು ನೋಟಗಳನ್ನು (ಮುಂದಿನಿಂದ, ಮುಕ್ಕಾಲು, ಹಿಂದಿನಿಂದ ಬೈತಲೆ ಕಾಣುವಂತೆ) ಮುಂದಿನ ತರಗತಿಗೆ ತನ್ನಿ. ಚರ್ಮದ ಬಣ್ಣ ಬಳಿಯುವ ಕೆಲಸ ಅಲ್ಲಿಂದ ಶುರು.