ನಮ್ಮ ಟ್ಯೂಷನ್: ಪೋಷಕರ ದಾರಿ, ಯಾವ ಹಂತಕ್ಕೆ ಏನು ಬೇಕು

ಮೈಸೂರು ಕುವೆಂಪುನಗರ ಶಾಖೆ, ಎಸ್ಸೆಸ್ಸೆಲ್ಸಿ ಗಣಿತ ಮತ್ತು ವಿಜ್ಞಾನ ಬ್ಯಾಚ್. ಪೋಷಕರು ಟ್ಯೂಷನ್ ಹುಡುಕುವಾಗಿನಿಂದ ಮಗುವಿನ ಪರೀಕ್ಷೆ ಮುಗಿಯುವವರೆಗೆ ಯಾವ ಹಂತದಲ್ಲಿ ಅವರಿಗೆ ನಾವು ಏನು ಕೊಡಬೇಕು ಅನ್ನುವ ಪಟ್ಟಿ ಇದು.

ಮೊದಲ ಸುಳಿವು: ಏಪ್ರಿಲ್‌ನಲ್ಲಿ ಒಂಬತ್ತನೇ ಕ್ಲಾಸಿನ ಫಲಿತಾಂಶ ಬಂದಾಗ ಅಮ್ಮಂದಿರು ಒಳ್ಳೆಯ ಟ್ಯೂಷನ್ ಎಲ್ಲಿದೆ ಅಂತ ಅಕ್ಕಪಕ್ಕದವರನ್ನು ಕೇಳುತ್ತಾರೆ. ಆಗ ನಮ್ಮ ಜಾಹೀರಾತು ಬೇಡ. ಎಸ್ಸೆಸ್ಸೆಲ್ಸಿ ಲೆಕ್ಕಕ್ಕೆ 80 ಅಂಕ ಲಿಖಿತ, 20 ಆಂತರಿಕ. ಇವು ಹೇಗೆ ಸಿಗುತ್ತವೆ ಅಂತ ಹೇಳುವ ಒಂದು ಪುಟದ ವಾಟ್ಸಾಪ್ ಚಿತ್ರ ಸಾಕು.

ಹೋಲಿಸಿ ನೋಡುವಾಗ: ಹೆಚ್ಚು ಜನ ಕೈತಪ್ಪುವುದು ಇಲ್ಲೇ. ಫೋನ್ ಮಾಡಿದವರ ಪ್ರಶ್ನೆಗಳು ನಾಲ್ಕೇ: ಫೀಸ್ ಎಷ್ಟು, ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಕನ್ನಡ ಮಾಧ್ಯಮಕ್ಕೂ ಇದೆಯಾ, ಹೆಣ್ಣುಮಕ್ಕಳು ಸಂಜೆ ಎಷ್ಟು ಗಂಟೆಗೆ ಮನೆ ಸೇರುತ್ತಾರೆ? ಕೊನೆಯದಕ್ಕೆ ನಮ್ಮ ಪಾಂಪ್ಲೆಟ್‌ನಲ್ಲಿ ಉತ್ತರವೇ ಇಲ್ಲ! ಫೀಸನ್ನೂ "ಬಂದು ಮಾತಾಡಿ" ಅಂತ ಮುಚ್ಚಿಡುವುದು ಬೇಡ. ನಾಲ್ಕಕ್ಕೂ ನೇರ ಉತ್ತರ ಕೊಡುವ ಒಂದು ಹಾಳೆ, ಜೊತೆಗೆ ಮೇಷ್ಟ್ರು ತ್ರಿಕೋನಮಿತಿಯ ಒಂದು ಲೆಕ್ಕ ಬಿಡಿಸುವ ಮೂರು ನಿಮಿಷದ ವಿಡಿಯೊ. ಟಾಪರ್‌ಗಳ ಫೋಟೊ ಸಾಲು ಸಾಧಾರಣ ಮಗುವಿನ ಅಪ್ಪನನ್ನು ಹೆದರಿಸುತ್ತದೆ, ಅಲ್ವಾ?

ಡೆಮೊ ಕ್ಲಾಸ್: ಹಿಂದಿನ ದಿನ ನೆನಪಿನ ಮೆಸೇಜ್. ಮುಗಿದ ಸಂಜೆಯೇ ಮಗು ಎಲ್ಲಿ ಎಡವಿತು ಅಂತ ಎರಡು ಸಾಲು.

ಸೇರಿದ ಮೇಲೆ: ವೇಳಾಪಟ್ಟಿ, ರಸೀದಿ, ತಿಂಗಳ ಟೆಸ್ಟ್ ವರದಿ. ವರದಿಯಲ್ಲಿ ಬರೀ ಅಂಕ ಬೇಡ.

ಪರೀಕ್ಷೆ ಮುಗಿದಾಗ: ತಂಗಿ, ತಮ್ಮಂದಿರ ಪ್ರವೇಶಕ್ಕೆ ಒಂದು ಪತ್ರ.

ಮೇ 10ರೊಳಗೆ ನಾಲ್ಕು ಉತ್ತರಗಳ ಹಾಳೆ ಮೊದಲು. ಉಳಿದದ್ದು ಆಮೇಲೆ.