ಕೊನೆಯ ದಾಳಿಯಲ್ಲಿ ಕಾವೇರಿ ದಳಕ್ಕೆ ಕಬಡ್ಡಿ ಕಿರೀಟ

ನಮ್ಮ ಪ್ರೌಢಶಾಲೆಯ ವಾರ್ಷಿಕ ಕ್ರೀಡಾಕೂಟದ ಬಾಲಕರ ಕಬಡ್ಡಿ ಫೈನಲ್‌ನಲ್ಲಿ ಕಾವೇರಿ ದಳವು ತುಂಗಾ ದಳವನ್ನು 25–23 ಅಂಕಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದುಕೊಂಡಿತು. ಬೆಳಗಿನ ಜಡಿಮಳೆಗೆ ನೆನೆದಿದ್ದ ಅಂಕಣಕ್ಕೆ ಮರದ ಹೊಟ್ಟು ಹರಡಿ, ಸುಣ್ಣದ ಗೆರೆಗಳನ್ನು ಹೊಸದಾಗಿ ಎಳೆದು ಆಟ ಆರಂಭಿಸುವ ಹೊತ್ತಿಗೆ ಮೈದಾನದ ಸುತ್ತಲೂ ಕಾಲಿಡಲು ಜಾಗವಿರಲಿಲ್ಲ. ಹುಡುಗಿಯರು ತಮಟೆಯ ತಾಳಕ್ಕೆ ತಮ್ಮ ತಮ್ಮ ದಳದ ಹೆಸರು ಕೂಗುತ್ತಿದ್ದರೆ, ಊರಿನ ಹಿರಿಯ ಆಟಗಾರರು ಗೆರೆಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಿದ್ದರು.

ಹದಿನೈದು ನಿಮಿಷಗಳ ಮೊದಲಾರ್ಧ ತುಂಗಾದ ಸಂದೀಪನದು. ನೀಳಕಾಲಿನ ಈ ದಾಳಿಗಾರ, ಮುನ್ನುಗ್ಗಿ ಬಂದ ರಕ್ಷಕರನ್ನು ಕಾಲ್ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ಹೊರಗೆ ಕಳುಹಿಸಿದ. ಕಾವೇರಿ ಒಮ್ಮೆ ಆಲೌಟ್ ಕೂಡ ಆಯಿತು. ವಿರಾಮದ ವೇಳೆಗೆ ತುಂಗಾ 14–9ರಿಂದ ಮುಂದಿತ್ತು.

ದ್ವಿತೀಯಾರ್ಧದಲ್ಲಿ ಕಾವೇರಿ ತನ್ನ ರಕ್ಷಣೆಯ ಕ್ರಮವನ್ನೇ ಬದಲಿಸಿತು. ಇಮ್ರಾನ್ ಮತ್ತು ಪ್ರದೀಪ್ ಬಲಬದಿಯಲ್ಲಿ ಕೈ ಹಿಡಿದು ಸರಪಳಿ ಕಟ್ಟಿ ಸಂದೀಪನನ್ನು ಎಡಮೂಲೆಯತ್ತ ತಳ್ಳುತ್ತಾ ಬಂದರು. ಅಲ್ಲಿ ಗಿರೀಶ ಆತುರಪಡದೆ, ದಾಳಿಗಾರ ಮಧ್ಯರೇಖೆಯತ್ತ ತಿರುಗುವ ಕ್ಷಣಕ್ಕಾಗಿ ಕಾಯುತ್ತಿದ್ದ. ಪಂದ್ಯ ಮುಗಿಯಲು ಮೂರು ನಿಮಿಷವಿದ್ದಾಗ ತುಂಗಾ 22–19ರಿಂದ ಮುಂದಿತ್ತು, ಕಾವೇರಿಯ ಅಂಕಣದಲ್ಲಿ ಉಳಿದವರು ಮೂವರು. ಹಿಂದಿನ ಎರಡು ದಾಳಿಗಳು ಖಾಲಿ ಹೋಗಿದ್ದರಿಂದ ಮೂರನೆಯದರಲ್ಲಿ ಅಂಕ ತರಲೇಬೇಕಾಗಿದ್ದ ಸಂದೀಪ ಒಳಗೆ ಆಳಕ್ಕೆ ಇಳಿದ. ಅವನು ತಿರುಗಿದ್ದೇ ತಡ, ಗಿರೀಶ ಎರಡೂ ಕೈಗಳಿಂದ ಪಾದ ಹಿಡಿದು ಕೆಡವಿದ. ಈ ಸೂಪರ್ ಟ್ಯಾಕಲ್ ಎರಡು ಅಂಕಗಳ ಜೊತೆಗೆ ಎದುರಾಳಿಯ ಅತ್ಯುತ್ತಮ ದಾಳಿಗಾರನನ್ನೂ ಹೊರಗೆ ಕೂರಿಸಿತು. ಪಂದ್ಯ ತಿರುಗಿದ್ದು ಇಲ್ಲಿಯೇ ಎಂಬುದು ಈ ವರದಿಗಾರನ ಖಚಿತ ಅಭಿಪ್ರಾಯ.

ಮರುದಾಳಿಯಲ್ಲಿ ನವೀನ ಇಬ್ಬರನ್ನು ಮುಟ್ಟಿ ಬಂದು ತಂಡಕ್ಕೆ 23–22ರ ಮುನ್ನಡೆ ತಂದುಕೊಟ್ಟ. ಆದರೆ ಹೊರಗಿದ್ದವರು ಮರಳಿ ಕಾವೇರಿಯಲ್ಲಿ ಆರು ಮಂದಿಯಾದುದರಿಂದ ತುಂಗಾಕ್ಕೆ ಬೋನಸ್ ಗಳಿಸುವ ದಾರಿಯೂ ತೆರೆಯಿತು. ಅದುವರೆಗೆ ಹೆಚ್ಚು ದಾಳಿ ಮಾಡಿರದ ಎಂಟನೇ ತರಗತಿಯ ಅರುಣ, ಧೈರ್ಯದಿಂದ ಬೋನಸ್ ಗೆರೆ ದಾಟಿ ಅಂಕವನ್ನು ಸಮಮಾಡಿದ. ಅಷ್ಟು ಒತ್ತಡದಲ್ಲಿ ಅವನು ತೋರಿದ ಸಂಯಮಕ್ಕೆ ಎರಡೂ ದಳದವರು ಚಪ್ಪಾಳೆ ತಟ್ಟಿದರು.

ಉಳಿದಿದ್ದು ಒಂದೇ ದಾಳಿ. ನವೀನ ಬಲಮೂಲೆಯ ರಕ್ಷಕನನ್ನು ಮುಟ್ಟಿ ಹಿಂದಿರುಗುವಾಗ ಮತ್ತೊಬ್ಬ ರಕ್ಷಕ ಅವನ ಸೊಂಟವನ್ನು ಬಿಗಿಯಾಗಿ ಹಿಡಿದ. ನೆಲಕ್ಕೆ ಬಿದ್ದರೂ ಉಸಿರು ಬಿಡದೆ, 'ಕಬಡ್ಡಿ, ಕಬಡ್ಡಿ' ಎನ್ನುತ್ತಲೇ ಕೈ ಚಾಚಿ ಮಧ್ಯರೇಖೆ ಮುಟ್ಟಿ, ಎರಡು ಅಂಕಗಳೊಂದಿಗೆ ಪಂದ್ಯ ಗೆದ್ದುಕೊಟ್ಟ.

ಗಿರೀಶ ಶ್ರೇಷ್ಠ ಆಟಗಾರನಾಗಿಯೂ, ಸೋತ ತಂಡದ ಸಂದೀಪ ಶ್ರೇಷ್ಠ ದಾಳಿಗಾರನಾಗಿಯೂ ಆಯ್ಕೆಯಾದರು. ಇವರಿಬ್ಬರೊಂದಿಗೆ ನವೀನ, ಇಮ್ರಾನ್ ಮತ್ತು ಅರುಣ ತಾಲ್ಲೂಕು ಮಟ್ಟದ ಪಂದ್ಯಾವಳಿಗೆ ಶಾಲಾ ತಂಡದಲ್ಲಿ ಸ್ಥಾನ ಪಡೆದಿದ್ದಾರೆ.